ಸರಾಸರಿ 40 ವ್ಯಾಟ್ ಕಳಿಸಲು 400 ವ್ಯಾಟ್‌ನ ಆಂಪ್ಲಿಫೈಯರ್ ಯಾಕೆ ಬೇಕು?

ಮೊಬೈಲ್ ಟವರ್ ಮೇಲಿನ ಒಂದು 4ಜಿ ರೇಡಿಯೊ ಘಟಕವನ್ನು ತೆಗೆದುಕೊಳ್ಳೋಣ. ಅದರ ಒಂದು ಆಂಟೆನಾ ಪೋರ್ಟ್‌ನಿಂದ ಸರಾಸರಿ 40 ವ್ಯಾಟ್ ಹೊರಗೆ ಹೋಗುತ್ತದೆ. ದೊಡ್ಡ ಸೆಲ್‌ಗಳಲ್ಲಿ ಇದು ಮಾಮೂಲಿ ಪ್ರಮಾಣ. ಸಿಗ್ನಲ್ ತನ್ನ ಸರಾಸರಿಗಿಂತ ಹತ್ತು ಪಟ್ಟು ಮೇಲೆ ನೆಗೆದಾಗಲೂ ಆಂಪ್ಲಿಫೈಯರ್ ಅದನ್ನು ವಿರೂಪಗೊಳಿಸಬಾರದು ಎಂದರೆ ಅದಕ್ಕೆ 400 ವ್ಯಾಟ್‌ನ ಸಾಮರ್ಥ್ಯ ಇರಬೇಕು. ಈ ಹತ್ತು ಪಟ್ಟಿನ ಅಂತರವೇ 10 ಡೆಸಿಬೆಲ್ ಬ್ಯಾಕ್‌ಆಫ್. ಅಲೆ ಸಣ್ಣದಾದಂತೆ ಕರೆಂಟೂ ತಗ್ಗುವ ಕ್ಲಾಸ್-ಬಿ ಮಾದರಿಯ, ಯಾವ ದೋಷವೂ ಇಲ್ಲದ ಆದರ್ಶ ಆಂಪ್ಲಿಫೈಯರ್ ಕೂಡ ಈ ಸ್ಥಿತಿಯಲ್ಲಿ ಕೊಡುವ ಸರಾಸರಿ ದಕ್ಷತೆ ಶೇಕಡಾ 28 ಮಾತ್ರ. ಅಂದರೆ 40 ವ್ಯಾಟ್ ಹೊರಗೆ ಕಳಿಸಲು ಅದು 143 ವ್ಯಾಟ್ ತಿನ್ನುತ್ತದೆ, ಉಳಿದ 103 ವ್ಯಾಟ್ ಶಾಖವಾಗಿ ಹೋಗುತ್ತದೆ. ಟವರ್ ಮೇಲಿನ ಪೆಟ್ಟಿಗೆಯ ಬೆನ್ನಿಗೆ ಅಷ್ಟು ದೊಡ್ಡ ಅಲ್ಯುಮಿನಿಯಂ ರೆಕ್ಕೆಗಳನ್ನು ಜೋಡಿಸಿರುವುದು ಬಹುಪಾಲು ಈ ಶಾಖವನ್ನು ಹೊರಹಾಕಲಿಕ್ಕೆ.

ಈ ನಷ್ಟಕ್ಕೆ ಟ್ರಾನ್ಸಿಸ್ಟರ್‌ಗಿಂತ ಹೆಚ್ಚಾಗಿ ಸಿಗ್ನಲ್ಲಿನ ಸ್ವರೂಪ ಕಾರಣ. 2ಜಿ ಕಾಲದ ಜಿಎಸ್‌ಎಂ ಸಿಗ್ನಲ್ಲಿನಲ್ಲಿ ಅಲೆಯ ಎತ್ತರ ಬದಲಾಗುತ್ತಲೇ ಇರಲಿಲ್ಲ; ಮಾಹಿತಿ ಎಲ್ಲವೂ ಫೇಸ್‌ನಲ್ಲಿ ಅಡಗಿರುತ್ತಿತ್ತು. ಹಾಗಾಗಿ ಆಂಪ್ಲಿಫೈಯರನ್ನು ಅದರ ತುತ್ತತುದಿಯವರೆಗೆ ಒತ್ತಿ ನಡೆಸಬಹುದಿತ್ತು. 4ಜಿ, 5ಜಿ, ವೈಫೈ, ಹಲವು ಡಿಜಿಟಲ್ ಟಿವಿ ಪ್ರಸಾರಗಳು ಬಳಸುವ ಓಎಫ್‌ಡಿಎಂ ಹಾಗಲ್ಲ. 20 ಮೆಗಾಹರ್ಟ್ಸ್‌ನ ಒಂದು 4ಜಿ ವಾಹಕದಲ್ಲಿ 1200 ಸಬ್‌ಕ್ಯಾರಿಯರ್‌ಗಳು, ಅಂದರೆ ಕಿರಿದಾದ ಉಪವಾಹಕ ಅಲೆಗಳು, ಏಕಕಾಲಕ್ಕೆ ಹರಿಯುತ್ತವೆ. ಪ್ರತಿಯೊಂದೂ ತನ್ನದೇ ಬಿಟ್‌ಗಳನ್ನು ಹೊತ್ತು, ತನ್ನದೇ ಫೇಸ್‌ನಲ್ಲಿ ಸಾಗುತ್ತದೆ. ಆಂಪ್ಲಿಫೈಯರ್‌ಗೆ ಕಾಣುವುದು ಇವೆಲ್ಲದರ ಮೊತ್ತ.

ಮೊತ್ತದಲ್ಲಿ ಏನಾಗುತ್ತದೆ ಎಂಬುದನ್ನು ನಾಲ್ಕೇ ಸಬ್‌ಕ್ಯಾರಿಯರ್ ಇಟ್ಟುಕೊಂಡು ನೋಡಬಹುದು. ಪ್ರತಿಯೊಂದರ ಎತ್ತರ 1 ಎಂದಿರಲಿ. ಸರಾಸರಿ ಶಕ್ತಿ 4. ನಾಲ್ಕೂ +1 ಹೊತ್ತಿದ್ದರೆ ಒಂದು ಕ್ಷಣದಲ್ಲಿ ನಾಲ್ಕೂ ಒಟ್ಟಿಗೆ ಮೇಲಕ್ಕೆ ಬಂದು ಎತ್ತರ 4 ಆಗುತ್ತದೆ, ಶಕ್ತಿ 16. ಗರಿಷ್ಠಕ್ಕೂ ಸರಾಸರಿಗೂ ಇರುವ ಅನುಪಾತ 4, ಅಂದರೆ 6 ಡೆಸಿಬೆಲ್. ಈಗ ಕೊನೆಯ ಒಂದರ ಚಿಹ್ನೆಯನ್ನು ಮಾತ್ರ ಬದಲಿಸಿ: +1, +1, +1, −1. ಸರಾಸರಿ ಶಕ್ತಿ ಆಗಲೂ 4. ಆದರೆ ತತ್‌ಕ್ಷಣದ ಶಕ್ತಿಯನ್ನು ಲೆಕ್ಕ ಹಾಕಿದರೆ ಅದು ಹೀಗೆ ಬರುತ್ತದೆ:

```
P(θ) = 4 + 2·cos θ − 2·cos 3θ
```

ಇದರ ಗರಿಷ್ಠ ಸುಮಾರು 7.08. ಅನುಪಾತ 1.77, ಅಂದರೆ 2.5 ಡೆಸಿಬೆಲ್. ಒಂದು ಬಿಟ್ ತಿರುಗಿದ್ದಕ್ಕೆ ಆಂಪ್ಲಿಫೈಯರ್ ತಾಳಿಕೊಳ್ಳಬೇಕಾದ ಶಿಖರ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಎರಡನೆಯದು ಗೊಲೆ ಶ್ರೇಣಿಗಳು ಎಂಬ ಗುಂಪಿಗೆ ಸೇರಿದ್ದು. ಅವುಗಳ ಅನುಪಾತ ಎಂದೂ 3 ಡೆಸಿಬೆಲ್ ದಾಟುವುದಿಲ್ಲ. ಹಾಗಿದ್ದರೆ ಅವನ್ನೇ ಬಳಸಬಾರದೇ? ಸಬ್‌ಕ್ಯಾರಿಯರ್‌ಗಳ ಸಂಖ್ಯೆ ಏರಿದಂತೆ ಒಟ್ಟು ಸಾಧ್ಯತೆಗಳಲ್ಲಿ ಇಂಥ ಒಳ್ಳೆಯ ಶ್ರೇಣಿಗಳ ಪಾಲು ಬಹಳ ಬೇಗ ಕುಸಿಯುತ್ತದೆ. 1200ಕ್ಕೆ ಬಂದಾಗ ಅವುಗಳಿಂದ ಸಾಗಿಸಬಹುದಾದ ಮಾಹಿತಿ ಲೆಕ್ಕಕ್ಕೇ ಇಲ್ಲದಷ್ಟು.

ಇನ್ನೊಂದು ತುದಿಯಲ್ಲಿ 1200 ಸಬ್‌ಕ್ಯಾರಿಯರ್‌ಗಳೂ ಒಟ್ಟಿಗೆ ಕೂಡಿಕೊಂಡರೆ ಅನುಪಾತ 1200, ಸುಮಾರು 31 ಡೆಸಿಬೆಲ್. ಈ ಸಂಖ್ಯೆ ಪಠ್ಯಪುಸ್ತಕಗಳಲ್ಲಿ ಕಾಣಿಸುತ್ತದೆ, ಆದರೆ ಎಂಜಿನಿಯರ್‌ಗೆ ಇದರಿಂದ ಪ್ರಯೋಜನವಿಲ್ಲ. ಯಾದೃಚ್ಛಿಕ ಬಿಟ್‌ಗಳಿಂದ ಅಂಥ ಕೂಟ ಒದಗಿಬರುವುದೇ ಇಲ್ಲ ಎನ್ನಬಹುದು. ಪ್ರಯೋಜನಕ್ಕೆ ಬರುವುದು ಸಂಭವನೀಯತೆ. ಅಷ್ಟೊಂದು ಸ್ವತಂತ್ರ ಅಲೆಗಳ ಮೊತ್ತ ಗೌಸಿಯನ್ ಹಂಚಿಕೆಗೆ ಹತ್ತಿರವಾಗುವುದರಿಂದ, ಶಕ್ತಿ ತನ್ನ ಸರಾಸರಿಯ γ ಪಟ್ಟನ್ನು ಮೀರುವ ಸಂಭವ ಬಹಳ ಸರಳವಾಗಿ ಸಿಗುತ್ತದೆ:

```
Pr(P > γ·Pavg) = e^(−γ)
```

ಈ ಒಂದು ಸಾಲಿನಿಂದ ನಮ್ಮ ರೇಡಿಯೊದ ದಿನಚರಿ ತಿಳಿಯುತ್ತದೆ. ಶೇಕಡಾ 63ರಷ್ಟು ಸಮಯ ಹೊರಡುವ ಶಕ್ತಿ 40 ವ್ಯಾಟ್‌ಗಿಂತ ಕಡಿಮೆ. 200 ವ್ಯಾಟ್ ಮೀರುವುದು ಶೇಕಡಾ 0.7ರಷ್ಟು ಸಮಯ. 400 ವ್ಯಾಟ್ ಮೀರುವುದು ಸುಮಾರು 22,000ದಲ್ಲಿ ಒಂದು ಕ್ಷಣ. ಅಪರೂಪವೇ. ಆದರೆ 20 ಮೆಗಾಹರ್ಟ್ಸ್ ಅಗಲದ ಸಿಗ್ನಲ್ ಸೆಕೆಂಡಿಗೆ ಸುಮಾರು ಎರಡು ಕೋಟಿ ಬಾರಿ ತನ್ನ ಬೆಲೆ ಬದಲಿಸುತ್ತದೆ. ಹಾಗಾಗಿ ಆ ಅಪರೂಪದ ಶಿಖರವೂ ಸೆಕೆಂಡಿಗೆ ನೂರಾರು ಬಾರಿ ಬಂದೇ ಬರುತ್ತದೆ.

ನಷ್ಟ ಆಗುವುದು ಯಾವಾಗ ಎಂಬುದನ್ನು ಇಲ್ಲಿ ಸರಿಯಾಗಿ ಗ್ರಹಿಸಬೇಕು. ಶಿಖರ ಬಂದ ಕ್ಷಣದಲ್ಲಿ ಆಂಪ್ಲಿಫೈಯರ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ. ಆದರ್ಶ ಕ್ಲಾಸ್-ಬಿಯ ದಕ್ಷತೆ ಆಗ ಶೇಕಡಾ 78.5. ನಷ್ಟವಾಗುವುದು ಉಳಿದ ಅಷ್ಟೂ ಹೊತ್ತು. ಟ್ರಾನ್ಸಿಸ್ಟರ್‌ಗೆ ಕೊಡುವ ಸರಬರಾಜು ವೋಲ್ಟೇಜ್ ಸ್ಥಿರ. ಎಲ್‌ಡಿಮಾಸ್ ಎಂಬ ಸಿಲಿಕಾನ್ ಮಾದರಿ ಆದರೆ ಸಾಮಾನ್ಯವಾಗಿ 28 ವೋಲ್ಟ್, ಗ್ಯಾಲಿಯಂ ನೈಟ್ರೈಡ್ ಆದರೆ 50ರ ಆಸುಪಾಸು. ಔಟ್‌ಪುಟ್ ಅಲೆ ಆ ವೋಲ್ಟೇಜಿನ ಪೂರ್ತಿ ಅಗಲಕ್ಕೆ ತೂಗಿದಾಗ ಟ್ರಾನ್ಸಿಸ್ಟರ್ ಮೇಲೆ ಉಳಿಯುವುದು ಕಡಿಮೆ. ಅಲೆ ಮೂರನೇ ಒಂದು ಭಾಗ ಮಾತ್ರ ತೂಗಿದರೆ ಮಿಕ್ಕ ವೋಲ್ಟೇಜ್ ಟ್ರಾನ್ಸಿಸ್ಟರ್ ಮೇಲೆಯೇ ಕೂತಿರುತ್ತದೆ, ಕರೆಂಟ್ ಮಾತ್ರ ಹರಿಯುತ್ತಲೇ ಇರುತ್ತದೆ. ವೋಲ್ಟೇಜ್ ಮತ್ತು ಕರೆಂಟ್ ಒಂದೇ ಕಡೆ, ಒಂದೇ ಹೊತ್ತಿಗೆ ಇದ್ದರೆ ಅದು ಶಾಖ. ಕ್ಲಾಸ್-ಬಿಯಲ್ಲಿ ದಕ್ಷತೆ ಅಲೆಯ ಎತ್ತರಕ್ಕೆ ನೇರ ಅನುಪಾತದಲ್ಲಿ ಇಳಿಯುತ್ತದೆ. ಅಲೆ ಸಣ್ಣದಾದರೂ ಕರೆಂಟ್ ತಗ್ಗದ ಕ್ಲಾಸ್-ಎಯಲ್ಲಿ ಇನ್ನೂ ಕಷ್ಟ: 10 ಡೆಸಿಬೆಲ್ ಬ್ಯಾಕ್‌ಆಫ್‌ನಲ್ಲಿ ಶೇಕಡಾ 50 ಇದ್ದದ್ದು 5ಕ್ಕೆ ಬೀಳುತ್ತದೆ.

ಅಷ್ಟೊಂದು ಅಂತರ ಬಿಡದೆ ಸುಮ್ಮನೆ ಒತ್ತಿ ನಡೆಸಿದರೆ? ಶಿಖರಗಳು ಚಪ್ಪಟೆಯಾಗುತ್ತವೆ. ಹೊಸ ಫ್ರೀಕ್ವೆನ್ಸಿಗಳು ಹುಟ್ಟಿ, ಸಿಗ್ನಲ್ಲಿನ ಎರಡೂ ಬದಿ ಪಕ್ಕದ ಚಾನೆಲ್‌ಗಳಿಗೆ ಚೆಲ್ಲುತ್ತವೆ. ಮೂರನೇ ದರ್ಜೆಯ ವಿರೂಪವೊಂದೇ ಮೂಲ ಸಿಗ್ನಲ್ಲಿಗಿಂತ ಮೂರು ಪಟ್ಟು ಅಗಲ ಹರಡುತ್ತದೆ. ಬೇಸ್ ಸ್ಟೇಷನ್‌ಗಳಿಗೆ, ಮೊಬೈಲ್ ಮಾನಕಗಳನ್ನು ರೂಪಿಸುವ ಜಾಗತಿಕ ಕೂಟ 3ಜಿಪಿಪಿ ವಿಧಿಸಿರುವ ಮಿತಿ ಕಟ್ಟುನಿಟ್ಟಾದದ್ದು: ಪಕ್ಕದ ಚಾನೆಲ್‌ಗೆ ಸೋರುವ ಶಕ್ತಿ ಮುಖ್ಯ ಶಕ್ತಿಗಿಂತ 45 ಡೆಸಿಬೆಲ್ ಕೆಳಗಿರಬೇಕು, ಅಂದರೆ ಮೂವತ್ತು ಸಾವಿರದಲ್ಲಿ ಒಂದು ಪಾಲು. ಬ್ಯಾಕ್‌ಆಫ್ ಎಂಬುದು ಈ ಮಿತಿಗಾಗಿ ತೆರುವ ಬೆಲೆ.

ಈ ಬೆಲೆಯನ್ನು ಇಳಿಸಲು ಇಂದಿನ ರೇಡಿಯೊಗಳು ಮೊದಲು ಮಾಡುವ ಕೆಲಸ, ಆಂಪ್ಲಿಫೈಯರ್ ತಲುಪುವ ಮೊದಲೇ ಶಿಖರಗಳನ್ನು ಲೆಕ್ಕಾಚಾರದಿಂದ ಕತ್ತರಿಸುವುದು. ಆಂಪ್ಲಿಫೈಯರ್ ಕತ್ತರಿಸಿದರೂ ಕತ್ತರಿಸಿದಂತೆಯೇ ಅಲ್ಲವೇ ಎನಿಸಬಹುದು. ವ್ಯತ್ಯಾಸವಿದೆ. ಡಿಜಿಟಲ್ ಹಂತದಲ್ಲಿ ಕತ್ತರಿಸಿದ ಮೇಲೆ ಫಿಲ್ಟರ್ ಹಾಕಿ, ಪಕ್ಕಕ್ಕೆ ಚೆಲ್ಲಿದ್ದನ್ನು ತೆಗೆದುಬಿಡಬಹುದು. 40 ವ್ಯಾಟ್ ಮಟ್ಟಕ್ಕೆ ಏರಿದ ಮೇಲೆ ಅಷ್ಟು ಚೂಪಾದ ಫಿಲ್ಟರ್ ಕಟ್ಟುವುದು ಆಗದ ಮಾತು. ಫಿಲ್ಟರ್ ಹಾಕಿದಾಗ ಕತ್ತರಿಸಿದ ಶಿಖರ ಸ್ವಲ್ಪ ಮತ್ತೆ ಬೆಳೆಯುತ್ತದೆ. ಆದ್ದರಿಂದ ಕತ್ತರಿಸುವುದು, ಸೋಸುವುದು ಎರಡನ್ನೂ ಮೂರು ನಾಲ್ಕು ಸುತ್ತು ಮಾಡುತ್ತಾರೆ. ಇಲ್ಲವೇ ಶಿಖರ ಇರುವಲ್ಲಿ ಮೊದಲೇ ಸೋಸಿಟ್ಟ ಸಣ್ಣ ಪಲ್ಸ್ ಒಂದನ್ನು ಕಳೆಯುತ್ತಾರೆ.

ಎಲ್ಲಿಯವರೆಗೆ ಕತ್ತರಿಸಬಹುದು ಎಂಬುದನ್ನು ಸಿಗ್ನಲ್ಲಿನ ಒಳಗೆ ಉಳಿಯುವ ದೋಷ ನಿರ್ಧರಿಸುತ್ತದೆ. ಪ್ರತಿ ಸಬ್‌ಕ್ಯಾರಿಯರ್‌ನ ಬಿಂದು ಇರಬೇಕಾದ ಜಾಗಕ್ಕೂ ನಿಜವಾಗಿ ಬಿದ್ದ ಜಾಗಕ್ಕೂ ಇರುವ ಅಂತರವನ್ನು ಇವಿಎಂ ಎಂದು ಅಳೆಯುತ್ತಾರೆ. ಮಿತಿಗಳು ಹೀಗಿವೆ: 64 ಬಿಂದುಗಳಲ್ಲಿ ಒಂದನ್ನು ಆಯ್ದು ಕಳಿಸುವ 64 ಕ್ಯೂಎಎಂಗೆ ಶೇಕಡಾ 8, 256 ಬಿಂದುಗಳ, ಅದಕ್ಕಿಂತ ವೇಗದ 256 ಕ್ಯೂಎಎಂಗೆ ಶೇಕಡಾ 3.5. ಗೌಸಿಯನ್ ಸಿಗ್ನಲ್ಲನ್ನು ಸರಾಸರಿಗಿಂತ 7 ಡೆಸಿಬೆಲ್ ಮೇಲೆ ಕತ್ತರಿಸಿದರೆ ಹುಟ್ಟುವ ದೋಷವನ್ನು ಲೆಕ್ಕ ಹಾಕಿದಾಗ ಶೇಕಡಾ 2.3 ಬರುತ್ತದೆ. 6 ಡೆಸಿಬೆಲ್‌ಗೆ ಇಳಿಸಿದರೆ 4.2. 5ಕ್ಕೆ ಇಳಿಸಿದರೆ 6.9. ಅಂದರೆ 7ಕ್ಕೆ ನಿಂತರೆ 256 ಕ್ಯೂಎಎಂ ಸಾಗುತ್ತದೆ, ಆಂಪ್ಲಿಫೈಯರಿನ ಸ್ವಂತ ದೋಷಕ್ಕೂ ಒಂದಿಷ್ಟು ಜಾಗ ಉಳಿಯುತ್ತದೆ. ಇನ್ನೊಂದು ಡೆಸಿಬೆಲ್ ಆಸೆಪಟ್ಟರೆ ಆ ವೇಗವೇ ಕೈತಪ್ಪುತ್ತದೆ. ಬೇಸ್ ಸ್ಟೇಷನ್ ವಿನ್ಯಾಸಗಳಲ್ಲಿ 7, 8 ಡೆಸಿಬೆಲ್ ಎಂಬ ಅಂಕಿಗಳು ಪದೇ ಪದೇ ಕಾಣಿಸುವುದು ಈ ಕಾರಣಕ್ಕೆ.

ನಮ್ಮ 40 ವ್ಯಾಟ್‌ಗೆ ಇದರಿಂದ ಏನಾಯಿತು? ಬೇಕಾದ ಗರಿಷ್ಠ ಸಾಮರ್ಥ್ಯ 400ರಿಂದ 200 ವ್ಯಾಟ್‌ಗೆ ಇಳಿಯಿತು. ಆದರ್ಶ ಕ್ಲಾಸ್-ಬಿಯ ಸರಾಸರಿ ದಕ್ಷತೆ 28ರಿಂದ ಸುಮಾರು ಶೇಕಡಾ 40ಕ್ಕೆ ಏರಿತು. ತಿನ್ನುವ ವಿದ್ಯುತ್ 143ರಿಂದ ಸುಮಾರು 100 ವ್ಯಾಟ್‌ಗೆ ಬಂತು.

ಎರಡನೆಯ ಕೆಲಸ ಆಂಪ್ಲಿಫೈಯರಿನ ರಚನೆಯನ್ನೇ ಬದಲಿಸುವುದು. ಬೆಲ್ ಲ್ಯಾಬ್ಸ್‌ನ ವಿಲಿಯಂ ಡೊಹರ್ಟಿ 1936ರಲ್ಲಿ ಎಎಂ ಪ್ರಸಾರ ಕೇಂದ್ರಗಳಿಗಾಗಿ ರೂಪಿಸಿದ ಉಪಾಯ ಇಂದು ಬಹುತೇಕ ಮೊಬೈಲ್ ಬೇಸ್ ಸ್ಟೇಷನ್‌ಗಳ ಒಳಗಿದೆ. ಅದರಲ್ಲಿ ಎರಡು ಆಂಪ್ಲಿಫೈಯರ್‌ಗಳಿವೆ. ಅಲೆ ಗರಿಷ್ಠದ ಅರ್ಧ ಎತ್ತರ ತಲುಪುವವರೆಗೆ ಮುಖ್ಯವಾದದ್ದು ಒಂಟಿಯಾಗಿ ದುಡಿಯುತ್ತದೆ. ಅದಕ್ಕೆ ಕಾಣುವ ಲೋಡ್ ಆಗ ಎರಡು ಪಟ್ಟು ಇರುವುದರಿಂದ, ಅರ್ಧ ಎತ್ತರದಲ್ಲೇ ಅದು ಪೂರ್ತಿ ವೋಲ್ಟೇಜ್ ಬಳಸಿ 78.5 ಮುಟ್ಟುತ್ತದೆ. ಅಲ್ಲಿಂದ ಮೇಲೆ ಎರಡನೆಯದು ಎಚ್ಚರಗೊಂಡು ಕರೆಂಟ್ ಸೇರಿಸುತ್ತದೆ, ಮುಖ್ಯದ್ದಕ್ಕೆ ಕಾಣುವ ಲೋಡ್ ಕ್ರಮೇಣ ಇಳಿಯುತ್ತದೆ. ಹೀಗೆ ಗರಿಷ್ಠದಿಂದ 6 ಡೆಸಿಬೆಲ್ ಕೆಳಗೆ ದಕ್ಷತೆಯ ಇನ್ನೊಂದು ಶಿಖರ ಸಿಗುತ್ತದೆ, ಸಿಗ್ನಲ್ ಹೆಚ್ಚು ಹೊತ್ತು ಸುಳಿಯುವ ಜಾಗಕ್ಕೆ ಹತ್ತಿರದಲ್ಲೇ. 7 ಡೆಸಿಬೆಲ್‌ಗೆ ಕತ್ತರಿಸಿದ ಸಿಗ್ನಲ್ಲಿಗೆ ಆದರ್ಶ ಡೊಹರ್ಟಿಯ ಸರಾಸರಿ ಸುಮಾರು ಶೇಕಡಾ 64 ಬರುತ್ತದೆ: 40 ವ್ಯಾಟ್‌ಗೆ 62 ವ್ಯಾಟ್. ನಿಜವಾದ ಟ್ರಾನ್ಸಿಸ್ಟರ್‌ಗಳಲ್ಲಿ 45ರಿಂದ 50 ಸಿಕ್ಕಿದರೆ ಒಳ್ಳೆಯದು, ಅಂದರೆ 80ರಿಂದ 90 ವ್ಯಾಟ್.

ಡೊಹರ್ಟಿಯ ಕಷ್ಟವೆಂದರೆ ಎರಡನೆಯ ಆಂಪ್ಲಿಫೈಯರ್ ಏಳುವ ಜಾಗದಲ್ಲಿ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಇರುವ ನೇರ ರೇಖೆ ಸೊಟ್ಟಗಾಗುತ್ತದೆ. ಅದನ್ನು ನೇರಮಾಡಲು ಔಟ್‌ಪುಟ್‌ನ ಒಂದು ಸಣ್ಣ ಪಾಲನ್ನು ಹಿಂದಕ್ಕೆ ತಂದು, ಆಂಪ್ಲಿಫೈಯರ್ ಎಷ್ಟು ಬಾಗಿಸುತ್ತದೋ ಅದಕ್ಕೆ ಎದುರಾಗಿ ಸಿಗ್ನಲ್ಲನ್ನು ಮೊದಲೇ ಬಾಗಿಸಿ ಕೊಡುತ್ತಾರೆ. ಇದು ಡಿಜಿಟಲ್ ಪ್ರಿಡಿಸ್ಟಾರ್ಷನ್. ಇದರ ಮಿತಿಯೂ ಸ್ಪಷ್ಟ: 200 ವ್ಯಾಟ್‌ಗೆ ಸ್ಯಾಚುರೇಟ್ ಆಗುವ ಆಂಪ್ಲಿಫೈಯರಿನಿಂದ 250 ವ್ಯಾಟ್ ಹೊರಡಿಸಲು ಯಾವ ಪೂರ್ವಭಾವಿ ತಿದ್ದುಪಡಿಯಿಂದಲೂ ಆಗುವುದಿಲ್ಲ. ಆದ್ದರಿಂದಲೇ ಕತ್ತರಿಸುವುದು ಮೊದಲು, ತಿದ್ದುವುದು ಆಮೇಲೆ.

ಪ್ರಯೋಗಶಾಲೆಯಲ್ಲಿ ಪಕ್ಕದ ಚಾನೆಲ್ ಪರೀಕ್ಷೆ ಫೇಲ್ ಆದಾಗ ತಪ್ಪು ಆಂಪ್ಲಿಫೈಯರಿನಲ್ಲಿದೆಯೋ ಅದಕ್ಕೂ ಮೊದಲಿನ ಹಂತದಲ್ಲಿದೆಯೋ ಎಂದು ಕಂಡುಕೊಳ್ಳುವುದಕ್ಕೆ ಒಂದು ಸರಳ ದಾರಿ ಇದೆ. ಪ್ರಿಡಿಸ್ಟಾರ್ಷನ್ ಆಫ್ ಮಾಡಿ, ಆಂಪ್ಲಿಫೈಯರ್‌ಗೆ ಕೊಡುವ ಇನ್‌ಪುಟ್ಟನ್ನು 1 ಡೆಸಿಬೆಲ್ ಇಳಿಸಿ ಸ್ಪೆಕ್ಟ್ರಂ ಅನಲೈಸರ್ ನೋಡಬೇಕು. ಬದಿಗೆ ಚೆಲ್ಲಿದ ಶಕ್ತಿ ಸುಮಾರು 3 ಡೆಸಿಬೆಲ್ ಇಳಿದರೆ ಅದು ಆಂಪ್ಲಿಫೈಯರಿನ ಮೂರನೇ ದರ್ಜೆಯ ವಿರೂಪ, ಬ್ಯಾಕ್‌ಆಫ್ ಸಾಲದಾಗಿದೆ. ಬದಿಯೂ ಸಿಗ್ನಲ್ಲಿನ ಜೊತೆಗೆ ಬರೀ 1 ಡೆಸಿಬೆಲ್ ಇಳಿದು ಅನುಪಾತ ಹಾಗೇ ಉಳಿದರೆ, ದೋಷ ಅದಕ್ಕೂ ಮೊದಲೇ ಸೇರಿಕೊಂಡಿದೆ. ಕತ್ತರಿಸಿದ ಮೇಲೆ ಸರಿಯಾಗಿ ಸೋಸಿಲ್ಲ, ಇಲ್ಲವೇ ಡಿಜಿಟಲ್-ಅನಲಾಗ್ ಪರಿವರ್ತಕ ತುದಿ ಮುಟ್ಟುತ್ತಿದೆ. ಬದಿಗಳು ಶುದ್ಧವಾಗಿದ್ದು ಇವಿಎಂ ಮಾತ್ರ ಏರಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಶಿಖರ ಕತ್ತರಿಸುವ ಮಟ್ಟವನ್ನು ಅತಿಯಾಗಿ ಇಳಿಸಿರುವುದನ್ನು.

ಇಲ್ಲಿಯವರೆಗಿನ ಲೆಕ್ಕವೆಲ್ಲ ಸೆಲ್ ಪೂರ್ತಿ ತುಂಬಿದ್ದಾಗಿನದು. ರಾತ್ರಿ ಎರಡು ಗಂಟೆಗೆ ಹತ್ತನೇ ಒಂದು ಭಾಗದಷ್ಟು ಸಬ್‌ಕ್ಯಾರಿಯರ್‌ಗಳು ಮಾತ್ರ ಬಳಕೆಯಲ್ಲಿದ್ದರೆ ಸರಾಸರಿ 4 ವ್ಯಾಟ್. ಆಂಪ್ಲಿಫೈಯರಿನ ಗರಿಷ್ಠ ಆಗಲೂ 200. ಬ್ಯಾಕ್‌ಆಫ್ ತಾನಾಗಿಯೇ 17 ಡೆಸಿಬೆಲ್ ಆಯಿತು. ಆದರ್ಶ ಡೊಹರ್ಟಿಯ ದಕ್ಷತೆ ಅಲ್ಲಿ ಶೇಕಡಾ 25ಕ್ಕೆ ಕುಸಿಯುತ್ತದೆ. 4 ವ್ಯಾಟ್‌ಗೆ 16 ವ್ಯಾಟ್. ಅದೇ ಡೇಟಾವನ್ನು ತೆಳುವಾಗಿ ಹರಡದೆ, ಹತ್ತರಲ್ಲಿ ಒಂದು ಸಿಂಬಲ್‌ಗೆ, ಅಂದರೆ ಒಂದು ಕಿರು ಸಮಯದ ತುಂಡಿಗೆ, ತುಂಬಿ ಮಿಕ್ಕ ಒಂಬತ್ತರಲ್ಲಿ ಆಂಪ್ಲಿಫೈಯರನ್ನೇ ಆರಿಸಿಬಿಟ್ಟರೆ? 62 ವ್ಯಾಟ್ ಹತ್ತನೇ ಒಂದು ಭಾಗ ಸಮಯಕ್ಕೆ, ಸರಾಸರಿ 6 ವ್ಯಾಟ್ ಚಿಲ್ಲರೆ. ನಿಜವಾದ ಯಂತ್ರದಲ್ಲಿ ಆರಿಸಿ ಹಚ್ಚುವ ಹೊತ್ತಿನ ನಷ್ಟ ಸೇರಿ ಇಷ್ಟು ಲಾಭ ಸಿಗಲಾರದು, ಆದರೂ ವ್ಯತ್ಯಾಸ ದೊಡ್ಡದೇ. 4ಜಿಯಲ್ಲಿ ಇದಕ್ಕೆ ಅವಕಾಶ ಕಡಿಮೆ: ಪ್ರತಿ ಮಿಲಿಸೆಕೆಂಡಿನ 14 ಸಿಂಬಲ್‌ಗಳಲ್ಲಿ ನಾಲ್ಕರಲ್ಲಿ, ಯಾರಿರಲಿ ಬಿಡಲಿ, ಉಲ್ಲೇಖ ಸಿಗ್ನಲ್ ಕಳಿಸಲೇಬೇಕು. 5ಜಿಯಲ್ಲಿ ಕಡ್ಡಾಯದ ಸಿಂಕ್ ಸಿಗ್ನಲ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಮ್ಮೆ ಬರುತ್ತದೆ, ನಡುವೆ ನಿದ್ದೆಗೆ ಜಾಗವಿದೆ. ಖಾಲಿ ನೆಟ್‌ವರ್ಕಿನಲ್ಲಿ 5ಜಿ ವಿದ್ಯುತ್ ಉಳಿಸಬಲ್ಲದು ಎನ್ನುವುದರ ಹಿಂದಿನ ಒಂದು ಗಟ್ಟಿ ಕಾರಣ ಇದು. ಯಾವ ಡೇಟಾ ಯಾವಾಗ ಹೋಗಬೇಕೆಂದು ನಿರ್ಧರಿಸುವ ಶೆಡ್ಯೂಲರ್ ಬರೆಯುವವರು ಆಂಪ್ಲಿಫೈಯರಿನ ದಕ್ಷತೆಯ ರೇಖೆಯನ್ನು ಕಣ್ಣೆದುರು ಇಟ್ಟುಕೊಂಡಿರಬೇಕು ಎಂದು ನಾನು ಒತ್ತಿ ಹೇಳುವುದೂ ಇದಕ್ಕೇ.

ಫೋನಿನ ಕಡೆ ಬಂದರೆ ಸಮಸ್ಯೆ ರೂಪ ಬದಲಿಸುತ್ತದೆ. ಸಾಮಾನ್ಯ ಫೋನಿನ ಗರಿಷ್ಠ ಪ್ರಸಾರ 23 ಡಿಬಿಎಂ, 200 ಮಿಲಿವ್ಯಾಟ್. ಅದರ ಆಂಪ್ಲಿಫೈಯರ್ ಅಂಗೈಯಲ್ಲಿ ಹಿಡಿಯುವ ವಸ್ತುವಿನೊಳಗಿದೆ. ದೊಡ್ಡದು ಹಾಕಿ ಶಿಖರಕ್ಕೆ ಜಾಗ ಬಿಡುವ ಸ್ವಾತಂತ್ರ್ಯವಿಲ್ಲ. ಹಾಗಾಗಿ ಶಿಖರ ಹೆಚ್ಚಿರುವ ಸಿಗ್ನಲ್ ಕಳಿಸುವಾಗ ಫೋನ್ ತನ್ನ ಸರಾಸರಿಯನ್ನೇ ಇಳಿಸಿಕೊಳ್ಳುತ್ತದೆ. 5ಜಿ ನಿಯಮದಲ್ಲಿ ನಾಲ್ಕು ಫೇಸ್‌ಗಳಲ್ಲಿ ಒಂದನ್ನು ಕಳಿಸುವ ಕ್ಯೂಪಿಎಸ್‌ಕೆಯನ್ನು ಶುದ್ಧ ಓಎಫ್‌ಡಿಎಂನಲ್ಲಿ, ಚಾನೆಲ್‌ನ ಅಂಚಿನವರೆಗೆ ಹರಡಿ ಕಳಿಸಿದರೆ 3 ಡೆಸಿಬೆಲ್‌ವರೆಗೆ ಇಳಿಸಲು ಅನುಮತಿ ಇದೆ: 200 ಮಿಲಿವ್ಯಾಟ್ 100 ಆಗುತ್ತದೆ. ಅದೇ ಬಿಟ್‌ಗಳನ್ನು ಮೊದಲು ಫೂರಿಯೆ ಪರಿವರ್ತನೆಗೆ ಒಳಪಡಿಸಿ ಆಮೇಲೆ ಸಬ್‌ಕ್ಯಾರಿಯರ್‌ಗಳಿಗೆ ಹಂಚಿದರೆ, ಸಿಗ್ನಲ್ ಒಂದೇ ವಾಹಕದಂತೆ ವರ್ತಿಸಿ ಶಿಖರಗಳು ತಗ್ಗುತ್ತವೆ. ಇಳಿಕೆ 1 ಡೆಸಿಬೆಲ್ ಸಾಕು. 4ಜಿ ತನ್ನ ಅಪ್‌ಲಿಂಕ್‌ಗೆ, ಅಂದರೆ ಫೋನಿನಿಂದ ಟವರ್‌ಗೆ ಹೋಗುವ ಸಿಗ್ನಲ್ಲಿಗೆ, ಈ ದಾರಿಯನ್ನೇ ಆರಿಸಿಕೊಂಡಿತ್ತು.

ಇಲ್ಲಿ ಕಳೆದುಹೋಗುವುದು ವಿದ್ಯುತ್ತಿಗಿಂತ ದೂರ. ದೂರದೊಂದಿಗೆ ಸಿಗ್ನಲ್ ಕ್ಷೀಣಿಸುವ ಘಾತವನ್ನು 3.5 ಎಂದಿಟ್ಟುಕೊಂಡರೆ, 3 ಡೆಸಿಬೆಲ್ ಹೆಚ್ಚು ಸಿಕ್ಕಾಗ ಸೆಲ್‌ನ ತ್ರಿಜ್ಯ ಶೇಕಡಾ 22 ಬೆಳೆಯುತ್ತದೆ, ಒಳಗೆ ಬರುವ ನೆಲ ಸುಮಾರು ಒಂದೂವರೆ ಪಟ್ಟಾಗುತ್ತದೆ. ಮಲೆನಾಡಿನ ಒಂಟಿಮನೆಗಳಲ್ಲಿ ಪರದೆಯ ಮೇಲೆ ಎರಡು ಕಡ್ಡಿ ಸಿಗ್ನಲ್ ಇದ್ದೂ ಕರೆ ಹೋಗದಿರುವುದು ಹಲವರ ಅನುಭವ. ಆ ಕಡ್ಡಿಗಳು ತೋರಿಸುವುದು ಟವರ್ ಮಾತು ಫೋನಿಗೆ ಎಷ್ಟು ಕೇಳಿಸುತ್ತಿದೆ ಎಂಬುದನ್ನು. ಹತ್ತಾರು ವ್ಯಾಟ್‌ನ ಟವರ್ ಕೇಳಿಸಿದರೂ 200 ಮಿಲಿವ್ಯಾಟ್‌ನ ಫೋನ್ ಟವರ್‌ಗೆ ಕೇಳಿಸದೇ ಇರಬಹುದು.

ಭಾರತದ ದೂರಸಂಪರ್ಕ ಮಾನಕ ಸಂಸ್ಥೆ ಟಿಎಸ್‌ಡಿಎಸ್‌ಐ ಜಾಗತಿಕ ವೇದಿಕೆಯಲ್ಲಿ ಪಟ್ಟು ಹಿಡಿದದ್ದು ಈ ಅಂಶಕ್ಕಾಗಿಯೇ. ಗ್ರಾಮೀಣ 5ಜಿಯನ್ನು ಅಳೆಯುವಾಗ ಟವರ್‌ಗಳ ನಡುವೆ 1732 ಮೀಟರ್ ಅಂತರ ಹಿಡಿಯುವುದು ರೂಢಿಯಾಗಿತ್ತು. ನಮ್ಮ ಹಳ್ಳಿಗಳಿಗೆ ಅದು ಹೊಂದದು, 6 ಕಿಲೋಮೀಟರ್ ಹಿಡಿದೂ ಅಳೆಯಬೇಕು ಎಂಬ ಭಾರತದ ವಾದವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು ಒಪ್ಪಿ ಪರೀಕ್ಷೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಉತ್ತರವಾಗಿ ಐಐಟಿ ಹೈದರಾಬಾದ್ ಮತ್ತು ಐಐಟಿ ಮದ್ರಾಸ್‌ಗಳ ಸಂಶೋಧಕರು ಮುಂದೆ ತಂದ ಸಿಗ್ನಲ್, ಸ್ಪೆಕ್ಟ್ರಂ ರೂಪಿಸಿದ ಪೈ-ಬೈ-2 ಬಿಪಿಎಸ್‌ಕೆ. ಇದರಲ್ಲಿ ಪ್ರತಿ ಬಿಟ್ ಹಿಂದಿನದಕ್ಕಿಂತ 90 ಡಿಗ್ರಿ ತಿರುಗಿ ಬರುತ್ತದೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸಿಗ್ನಲ್ ಸೊನ್ನೆಯನ್ನು ಹಾದುಹೋಗುವುದಿಲ್ಲ, ವೃತ್ತದ ಅಂಚಿನ ಹತ್ತಿರವೇ ಸುತ್ತುತ್ತದೆ. ಮೇಲೊಂದು ಮೃದುವಾದ ಫಿಲ್ಟರ್ ಹಾಕಿದರೆ ಶಿಖರದ ಅನುಪಾತ 2 ಡೆಸಿಬೆಲ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆಂಪ್ಲಿಫೈಯರನ್ನು ಬಹುತೇಕ ತುದಿಯವರೆಗೆ ಒತ್ತಿ ನಡೆಸಬಹುದು.

ಈ ಸಿಗ್ನಲ್ 3ಜಿಪಿಪಿಯ ಮೊದಲ 5ಜಿ ಆವೃತ್ತಿಯಲ್ಲೇ, ಅಂದರೆ ರಿಲೀಸ್ 15ರಲ್ಲಿ ಸ್ಥಾನ ಪಡೆಯಿತು. ಇದನ್ನು ಬಳಸುವಾಗ ಕೆಲವು ಬ್ಯಾಂಡ್‌ಗಳಲ್ಲಿ ಫೋನ್ 23ರ ಬದಲು 26 ಡಿಬಿಎಂವರೆಗೆ, ಅಂದರೆ 400 ಮಿಲಿವ್ಯಾಟ್‌ವರೆಗೆ ಹೋಗಬಹುದು. ಭಾರತದಲ್ಲಿ 5ಜಿ ಹೆಚ್ಚಾಗಿ ಓಡುವ n78 ಅವುಗಳಲ್ಲೊಂದು. ಮಿತಿಗಳಿವೆ. ಒಂದು ಸಿಂಬಲ್‌ಗೆ ಒಂದೇ ಬಿಟ್ ಆದ್ದರಿಂದ ವೇಗ ಕಡಿಮೆ. ಸೆಲ್‌ನ ಅಂಚಿನಲ್ಲಿ ಸಂಪರ್ಕವೇ ತಪ್ಪುವ ಹಂತದಲ್ಲಿರುವವರಿಗೆ ಮಾತ್ರ ಇದರ ಪ್ರಯೋಜನ. ಫ್ರೇಮಿನಲ್ಲಿ ಅಪ್‌ಲಿಂಕ್‌ಗೆ ಬಳಸುವ ಸ್ಲಾಟ್‌ಗಳು ಶೇಕಡಾ 40 ಮೀರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಇದು ಐಚ್ಛಿಕ. ಫೋನ್ ತನಗೆ `powerBoosting-pi2BPSK` ಸಾಮರ್ಥ್ಯವಿದೆ ಎಂದು ನೆಟ್‌ವರ್ಕಿಗೆ ತಿಳಿಸಬೇಕು, ನೆಟ್‌ವರ್ಕ್ ತನ್ನ ಕಡೆಯಿಂದ `powerBoostPi2BPSK` ಬೆಲೆಯನ್ನು 1 ಮಾಡಿ ಕಳಿಸಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಫೋನ್ 200 ಮಿಲಿವ್ಯಾಟ್‌ನಲ್ಲೇ ನಿಲ್ಲುತ್ತದೆ. ಗ್ರಾಮೀಣ ಸಂಪರ್ಕದ ಗುಣಮಟ್ಟ ವಿಚಾರಿಸುವವರು ಟವರ್‌ಗಳ ಸಂಖ್ಯೆಯ ಜೊತೆಗೆ ಆಪರೇಟರ್‌ಗಳಿಗೆ ಕೇಳಬೇಕಾದ ಪ್ರಶ್ನೆ ಇದು: ಹಳ್ಳಿಗಾಡಿನ ಸೆಲ್‌ಗಳಲ್ಲಿ ಈ ಸೌಲಭ್ಯವನ್ನು ಆನ್ ಮಾಡಿದ್ದೀರಾ?